ಮೂರು ಲೇಟ್ ಅಂದ್ರೆ ಅರ್ಧ ದಿನ? ಈ ಲೆಕ್ಕ ಯಾರು ಮಾಡಿದ್ದು?

(1)
ಫೋಟೋದಲ್ಲಿ ಕಾಣ್ತಿರೋದು ನಮ್ಮ ಆಫೀಸಿನ ಹಾಜರಿ ಶೀಟ್. ಹೆಸರುಗಳನ್ನು ಮರೆಮಾಡಿದ್ದೀನಿ, ಝೂಮ್ ಮಾಡಿ ಪ್ರಯೋಜನ ಇಲ್ಲ. ಕೆಂಪು ಬಣ್ಣದ್ದೆಲ್ಲ ಲೇಟ್ ಮಾರ್ಕ್. ಎಂಟು ಜನರ ಆಫೀಸು. ಬಿ.ಕಾಂ ಮುಗಿಸಿ ಸೇರಿದ ಮೊದಲ ವಾರವೇ "ನಿಂಗೆ ಕಂಪ್ಯೂಟರ್ ಬರುತ್ತಲ್ಲಪ್ಪಾ, ಇದನ್ನ ನೀನೇ ನೋಡ್ಕೋ" ಅಂತ ಸರ್ ಈ ಶೀಟನ್ನು ನನ್ನ ಕೈಗೆ ಕೊಟ್ಟರು. ನಮ್ಮ ಕ್ಲಾಸಿನ ಅರ್ಧ ಜನ ಈಗ ಇಂಥದ್ದೇ ಸಣ್ಣ ಆಫೀಸುಗಳಲ್ಲಿ ಇದ್ದೀರಿ. ನಿಮ್ಮಲ್ಲಿ ಒಬ್ಬರಾದರೂ ಇದೇ ಕೆಲಸ ಮಾಡ್ತಿರ್ತೀರಿ. ಉಳಿದವರ ಸಂಬಳ ಇಂಥ ಶೀಟ್ ದಾಟಿಯೇ ಬರ್ತಿರುತ್ತೆ. ಅದಕ್ಕೇ ಈ ಸರಣಿ.

ನಮ್ಮ ಆಫೀಸಿನ ನಿಯಮ ಹೀಗಿತ್ತು. ಬೆಳಗ್ಗೆ 9:30ಕ್ಕೆ ಶುರು, ಸಂಜೆ 6ಕ್ಕೆ ಬಿಡೋದು, 1:30ರಿಂದ 2ರವರೆಗೆ ಊಟ. ಅಂದರೆ ಕೆಲಸ 8 ಗಂಟೆ. ಹತ್ತು ನಿಮಿಷ ರಿಯಾಯಿತಿ. 9:40 ದಾಟಿದರೆ ಒಂದು ಲೇಟ್ ಮಾರ್ಕ್. ಮೂರು ಲೇಟ್ ಮಾರ್ಕ್ ಆದರೆ ಅರ್ಧ ದಿನದ ಸಂಬಳ ಕಟ್. ನಿಮ್ಮಲ್ಲೂ ಬಹುಶಃ ಇದೇ ಇರುತ್ತೆ, ನಿಮಿಷ ಸ್ವಲ್ಪ ಹೆಚ್ಚುಕಮ್ಮಿ ಇರಬಹುದು ಅಷ್ಟೇ. ಇದನ್ನು ಯಾರು ಯಾವಾಗ ಶುರು ಮಾಡಿದರೋ ಗೊತ್ತಿಲ್ಲ. ಒಂದು ಆಫೀಸು ಬಿಟ್ಟವರು ಇನ್ನೊಂದಕ್ಕೆ ಹೋಗುವಾಗ ಟಿಫಿನ್ ಡಬ್ಬಿ ಜೊತೆ ಇದನ್ನೂ ಒಯ್ತಾರೆ.

ನಾನು ಹೇಳೋದು ಇಷ್ಟು: ಲೇಟ್ ಮಾರ್ಕ್ ಬರೀ ಮಾಹಿತಿ. ಅದನ್ನು ಎಣಿಸಿ ಅರ್ಧ ದಿನ ಮಾಡೋದು ತಪ್ಪು ಲೆಕ್ಕ. ಕನಿಕರ ತೋರಿಸಿ ಅಂತ ಕೇಳ್ತಿಲ್ಲ, ಗಣಿತದ ಮಾತು ಇದು. ಮುಂದೆ ನೋಡಿ.

(2)
ನಮ್ಮಲ್ಲಿ ಒಬ್ಬರು ಅಕ್ಕ ಇದ್ದಾರೆ, ಬಿಲ್ಲಿಂಗ್ ನೋಡ್ತಾರೆ. ದಿನಾ ಹರಿಹರದಿಂದ ದಾವಣಗೆರೆಗೆ ಬಸ್ಸು. ಒಂದು ತಿಂಗಳು ಅವರು ಆರು ದಿನ ರಿಯಾಯಿತಿ ದಾಟಿ ಬಂದರು. ಸಮಯ ಹೀಗಿತ್ತು: 9:43, 9:44, 9:42, 9:47, 9:43, 9:51. ಆರು ಲೇಟ್ ಅಂದರೆ ಎರಡು ಅರ್ಧ ದಿನ, ಅಂದರೆ ಒಂದು ಇಡೀ ದಿನ. ಸಂಬಳ 15,000. ನಮ್ಮ ಶೀಟ್ ಅದನ್ನು 30ರಿಂದ ಭಾಗಿಸುತ್ತೆ. 500 ರೂಪಾಯಿ ಕಟ್.

ಈಗ ಬೆರಳು ಮಡಚಿ ನಿಮಿಷ ಎಣಿಸಿ. ರಿಯಾಯಿತಿಯನ್ನೂ ಕೊಡೋದು ಬೇಡ, 9:30ರಿಂದಲೇ ಎಣಿಸಿ. 13, 14, 12, 17, 13, 21. ಒಟ್ಟು 90 ನಿಮಿಷ. ಒಂದೂವರೆ ಗಂಟೆ ಕೆಲಸ ಹೋಗಿದ್ದಕ್ಕೆ ಎಂಟು ಗಂಟೆ ಸಂಬಳ ಹೋಯ್ತು.

ಆ ತಿಂಗಳು ಕೆಲಸದ ದಿನ 25. ಗಂಟೆ ಲೆಕ್ಕದಲ್ಲಿ 200. 15,000 ಭಾಗಿಸು 200, ಅಂದರೆ ಗಂಟೆಗೆ 75 ರೂಪಾಯಿ. ಒಂದೂವರೆ ಗಂಟೆಗೆ 112 ರೂಪಾಯಿ 50 ಪೈಸೆ. ಇದು ಅಕ್ಕ ನಿಜವಾಗಿ ಆಫೀಸಿಗೆ 'ಬಾಕಿ' ಇದ್ದ ಹಣ. ಮೇಲೆ ಹೋದ 387 ರೂಪಾಯಿ 50 ಪೈಸೆ ಯಾವುದರ ಬಾಬ್ತು? ಶೀಟ್‌ನಲ್ಲಿ ಅದಕ್ಕೆ ಕಾಲಂ ಇಲ್ಲ.

ಇದನ್ನು ಸರ್ ಹತ್ತಿರ ತೋರಿಸಿದಾಗ ಅವರು ಕೋಪ ಮಾಡ್ಕೊಳ್ಳಲಿಲ್ಲ. "ಅಲ್ಲಪ್ಪಾ, ಕಟ್ ಮಾಡೋದು ದುಡ್ಡಿಗಲ್ಲ, ಶಿಸ್ತಿಗೆ" ಅಂದರು. ಸರಿ, ಅದನ್ನೂ ನೋಡೋಣ.

(3)
ಇದು ಕಾನೂನಿನ ಪೋಸ್ಟ್, ಆದರೆ ಓಡಿಹೋಗಬೇಡಿ, ಎರಡೇ ಮಾತು.

1936ರ ವೇತನ ಪಾವತಿ ಕಾಯ್ದೆಯ 9ನೇ ಕಲಂ ಗೈರುಹಾಜರಿಗೆ ಸಂಬಳ ಕಟ್ ಮಾಡೋದರ ಬಗ್ಗೆ ಇತ್ತು. ಸಾರಾಂಶ: ನೀವು ಕೆಲಸ ಮಾಡಬೇಕಿದ್ದ ಒಟ್ಟು ಸಮಯದಲ್ಲಿ ಎಷ್ಟು ಪಾಲು ಇರಲಿಲ್ಲವೋ, ಸಂಬಳದಲ್ಲೂ ಅಷ್ಟೇ ಪಾಲು ಕಟ್ ಮಾಡಬಹುದು, ಅದಕ್ಕಿಂತ ಹೆಚ್ಚಿಲ್ಲ. 2019ರ ವೇತನ ಸಂಹಿತೆಯ 20ನೇ ಕಲಂ ಕೂಡ ಇದೇ ಅಳತೆ ಇಟ್ಟಿದೆ. ಹತ್ತು ಅಥವಾ ಹೆಚ್ಚು ಜನ ಮಾತಾಡಿಕೊಂಡು ನೋಟಿಸ್ ಇಲ್ಲದೆ ಒಟ್ಟಿಗೆ ಗೈರಾದರೆ ಬೇರೆ ನಿಯಮ ಇದೆ, ಅದು ನಮ್ಮ ಬಸ್ಸಿನ ಕಥೆಗೆ ಸಂಬಂಧಿಸಿದ್ದಲ್ಲ. ಮೇಲಿನ ಲೆಕ್ಕದಲ್ಲಿ 200ರಲ್ಲಿ ಒಂದೂವರೆ ಗಂಟೆ ಅಂತ ಹಾಕಿದ್ದು ಇದೇ ಅಳತೆ. 112.50 ಅನ್ನೋದು ಗರಿಷ್ಠ ಮಿತಿ.

"ಹಾಗಾದರೆ ಇದು ಗೈರುಹಾಜರಿ ಕಟ್ ಅಲ್ಲ, ದಂಡ ಅಂದ್ಕೋ" ಅಂತ ಹೇಳಬಹುದು. ದಂಡಕ್ಕೂ ಅದೇ ಸಂಹಿತೆಯಲ್ಲಿ ದಾರಿ ಇದೆ. ಯಾವ ಯಾವ ತಪ್ಪಿಗೆ ದಂಡ ಅಂತ ಸರ್ಕಾರದ ಕಡೆಯಿಂದ ಮೊದಲೇ ಒಪ್ಪಿಗೆ ಪಡೆದು ನೋಟಿಸ್ ಹಾಕಿರಬೇಕು, ದಂಡ ಹಾಕುವ ಮುಂಚೆ ಆ ವ್ಯಕ್ತಿಗೆ ಕಾರಣ ಹೇಳೋಕೆ ಅವಕಾಶ ಕೊಡಬೇಕು, ಮತ್ತು ತಿಂಗಳ ಒಟ್ಟು ದಂಡ ಆ ತಿಂಗಳ ವೇತನದ ನೂರಕ್ಕೆ 3 ಮೀರಬಾರದು. 15,000ಕ್ಕೆ ನೂರಕ್ಕೆ 3 ಅಂದರೆ 450. ಅಂದರೆ ದಂಡ ಅಂತ ಕರೆದರೂ 500 ರೂಪಾಯಿ ಮಿತಿ ದಾಟುತ್ತೆ. ಒಪ್ಪಿಗೆ, ನೋಟಿಸು ಯಾವುದೂ ನಮ್ಮಲ್ಲಿ ಇರಲಿಲ್ಲ. ಗೋಡೆ ಮೇಲೆ ಇದ್ದದ್ದು ಕ್ಯಾಲೆಂಡರ್ ಮಾತ್ರ.

ಕಾನೂನು ಇದೆ ಅಂತ ನಾಳೆಯೇ ಹೋಗಿ ಸರ್ ಟೇಬಲ್ ಮೇಲೆ ಕಲಂ ನಂಬರ್ ಇಡಬೇಡಿ. ನಾನು ನಿಮಿಷದ ಪಟ್ಟಿ ಇಟ್ಟೆ. ಅದನ್ನು ನೋಡಿದ ಮೇಲೆ ಕಲಂ ಹೇಳೋ ಅಗತ್ಯ ಅರ್ಧ ಕಮ್ಮಿ ಆಯ್ತು.

(4)
ಈಗ ಶಿಸ್ತಿನ ವಿಷಯ. ಇಲ್ಲಿ ನನ್ನದೇ ಒಂದು ತಪ್ಪು ಒಪ್ಕೋಬೇಕು.

ಒಂದು ತಿಂಗಳು ನಂದು ಎರಡು ಲೇಟ್ ಆಗಿತ್ತು. ಮೂರನೇ ದಿನ ರೈಲ್ವೆ ಗೇಟ್ ಹಾಕಿತ್ತು. ಗಡಿಯಾರ ನೋಡಿದರೆ 9:41, ಆಫೀಸು ಇನ್ನೂ ಮೂರು ನಿಮಿಷ. ಗಾಡಿ ಮೇಲೆ ಕೂತೇ ಲೆಕ್ಕ ಹಾಕಿದೆ. ಈಗ ಒಳಗೆ ಹೋದರೆ ಮೂರನೇ ಲೇಟ್, ಅರ್ಧ ದಿನ ಕಟ್. ಮಧ್ಯಾಹ್ನ ಎರಡಕ್ಕೆ ಹೋದರೂ ಅರ್ಧ ದಿನ ಕಟ್. ಎರಡಕ್ಕೂ ಒಂದೇ ರೇಟು. ಗಾಡಿ ತಿರುಗಿಸಿದೆ. ಮಂಡಕ್ಕಿ ಮೆಣಸಿನಕಾಯಿ ತಿಂದು, ಬ್ಯಾಂಕಿನ ಕೆಲಸ ಮುಗಿಸಿ, ಎರಡು ಗಂಟೆಗೆ ಆರಾಮಾಗಿ ಹೋದೆ. ಅವತ್ತು ಬೆಳಗ್ಗೆ ಕೊಡಬೇಕಿದ್ದ ಒಂದು ಫೈಲು ಮಧ್ಯಾಹ್ನ ಕೊಟ್ಟೆ. ಪಾರ್ಟಿ ಕಾದು ಬೈದು ಹೋಗಿದ್ದರು. ಬೈಸಿಕೊಂಡಿದ್ದು ಹರಿಹರದ ಅಕ್ಕ, ನಾನಲ್ಲ.

ನಾಚಿಕೆ ಆಯ್ತು ನಿಜ. ಆದರೆ ಶೀಟ್ ನನಗೆ ಕಲಿಸಿದ್ದೇ ಅದು. ನಾಲ್ಕು ನಿಮಿಷ ತಡಕ್ಕೂ ನಾಲ್ಕು ಗಂಟೆ ತಡಕ್ಕೂ ಒಂದೇ ಬೆಲೆ ಇಟ್ಟರೆ ಜನ ನಾಲ್ಕು ಗಂಟೆಯನ್ನೇ ತಗೋತಾರೆ. ನಿಮ್ಮ ಆಫೀಸಿನ ಹಳೆಯ ಶೀಟ್ ಸಿಕ್ಕರೆ ಒಂದು ಸಲ ಹುಡುಕಿ: ಎರಡು ಲೇಟ್ ಆದವರು ಮೂರನೇ ಸಲ 9:45ಕ್ಕೆ ಬಂದಿದ್ದಾರಾ ಅಥವಾ ಸೀದಾ ಮಧ್ಯಾಹ್ನ ಬಂದಿದ್ದಾರಾ? ನಮ್ಮಲ್ಲಿ ನಾನೊಬ್ಬನೇ ಅಲ್ಲ ಅಂತ ಗೊತ್ತಾಯ್ತು.

ಹತ್ತು ನಿಮಿಷದ ರಿಯಾಯಿತಿದೂ ಇದೇ ಕಥೆ. ಅಪರೂಪಕ್ಕೆ ಅಂತ ಕೊಟ್ಟಿದ್ದು, ನಿಧಾನವಾಗಿ ಅದೇ ಆಫೀಸ್ ಟೈಮ್ ಆಯ್ತು. 9:36, 9:38, 9:39. ಎಲ್ಲಾ ಹಸಿರು. ದಿನಾ 9:39ಕ್ಕೆ ಬರೋರು 25 ದಿನಕ್ಕೆ 225 ನಿಮಿಷ ತಡ, ಆದರೂ ಒಂದು ಲೇಟ್ ಮಾರ್ಕೂ ಇಲ್ಲ. ಅಕ್ಕ 90 ನಿಮಿಷ ತಡ, 500 ರೂಪಾಯಿ ಹೋಯ್ತು. ಇದನ್ನು ಶಿಸ್ತು ಅಂತ ಕರೆಯೋಕೆ ನನಗೆ ಬಾಯಿ ಬರಲ್ಲ.

(5)
ಶೀಟ್ ಮಾಡೋರಿಗೆ ಒಂದು ಸಣ್ಣ ಪೋಸ್ಟ್. ನಿಯಮ ಸರಿಯಿದ್ದರೂ ಶೀಟ್ ಸುಳ್ಳು ಹೇಳಬಹುದು.

ನಾನು ಮೊದಲು ಹಾಕಿದ ಫಾರ್ಮುಲಾ ಇದು. C5ರಲ್ಲಿ ಬಂದ ಸಮಯ ಇರುತ್ತೆ.

```
=IF(C5>TIME(9,40,0),1,0)
```

ತಿಂಗಳ ಕೊನೆಗೆ ನೋಡಿದರೆ ಮೂರು ಜನಕ್ಕೆ ಪ್ರತಿ ದಿನವೂ ಲೇಟ್. ಅದರಲ್ಲಿ ಒಬ್ಬರು ಬೆಳಗ್ಗೆ ಬೀಗ ತೆಗೆಯೋ ಅಣ್ಣ! ಕಾರಣ ಏನು ಗೊತ್ತಾ? ಚುಕ್ಕೆ. ನಾವು ಪೆನ್ನಲ್ಲಿ ಬರೆಯುವಾಗ 9.20 ಅಂತಲೇ ಬರೆಯೋದು. ಅವರು ಶೀಟ್‌ನಲ್ಲೂ ಹಾಗೇ ಟೈಪ್ ಮಾಡಿದ್ದರು. ಶೀಟ್‌ಗೆ 9:20 ಅಂದರೆ ಸಮಯ, 9.20 ಅಂದರೆ ಬರೀ ಒಂದು ಸಂಖ್ಯೆ. ಶೀಟ್ ಒಳಗೆ ಒಂದು ಇಡೀ ದಿನಕ್ಕೆ ಬೆಲೆ 1, ಹಾಗಾಗಿ ಬೆಳಗಿನ 9:40ರ ಬೆಲೆ 0.40 ಚಿಲ್ಲರೆ. 9.20 ಅದಕ್ಕಿಂತ ಯಾವಾಗಲೂ ದೊಡ್ಡದು. ಪಾಪ, ಅಣ್ಣ ಬೆಳಗ್ಗೆ ಆರಕ್ಕೆ ಬಂದು 6.00 ಅಂತ ಹೊಡೆದಿದ್ದರೂ ಲೇಟೇ. ಗುರುತು ಹಿಡಿಯೋದು ಸುಲಭ: 9.20 ಅಂತ ಹೊಡೆದರೆ ಕೊನೆಯ ಸೊನ್ನೆ ಮಾಯವಾಗಿ 9.2 ಅಂತ ಕಾಣುತ್ತೆ.

ಇದಕ್ಕೆ ಉಲ್ಟಾ ಇನ್ನೊಂದಿದೆ. ಸಮಯ ಬರೆಯೋದು ಮರೆತು ಸೆಲ್ ಖಾಲಿ ಬಿಟ್ಟರೆ ಫಾರ್ಮುಲಾ ಅದನ್ನು ಸೊನ್ನೆ ಅಂತ ಓದುತ್ತೆ. ಸೊನ್ನೆ 9:40ಕ್ಕಿಂತ ಚಿಕ್ಕದು. ಅಂದರೆ ಬರದೇ ಇದ್ದವರು 'ಸರಿಯಾದ ಸಮಯಕ್ಕೆ' ಬಂದ ಹಾಗೆ!

ಈಗ ನಾನು ಲೇಟ್ ಹೌದು-ಅಲ್ಲ ಅಂತ ಕೇಳೋದು ಬಿಟ್ಟು ನಿಮಿಷ ಬರೆಸ್ತೀನಿ:

```
=IF(C5="","?",IF(C5>=1,"ಸಮಯ ತಪ್ಪು",
MAX(0,ROUND((C5-TIME(9,30,0))*1440,0))))
```

ಖಾಲಿ ಇದ್ದರೆ ಪ್ರಶ್ನಾರ್ಥಕ ಚಿಹ್ನೆ. ಚುಕ್ಕೆ ಹಾಕಿದ್ದರೆ 'ಸಮಯ ತಪ್ಪು'. ಉಳಿದಿದ್ದಕ್ಕೆ 9:30 ದಾಟಿದ ನಿಮಿಷ. 1440 ಅಂದರೆ ಒಂದು ದಿನದ ನಿಮಿಷಗಳು. ಮುಂಚೆ ಬಂದವರಿಗೆ ಮೈನಸ್ ಬರದ ಹಾಗೆ MAX. ಅಷ್ಟೇ, ಇದರಲ್ಲಿ ದೊಡ್ಡ ವಿದ್ಯೆ ಏನಿಲ್ಲ.

(6)
ಇನ್ನು ಅರ್ಧ ದಿನ. ನನ್ನ ಪ್ರಕಾರ ಅರ್ಧ ದಿನ ಅನ್ನೋದು ಕೆಲಸಗಾರರು ಕೇಳಿ ತಗೊಳ್ಳೋದು. ಅಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕು, ಮಗುವಿನ ಶಾಲೆಯಲ್ಲಿ ಮೀಟಿಂಗ್ ಇದೆ, ಆಗ 9:30ರಿಂದ 1:30 ಅಥವಾ 2ರಿಂದ 6, ಎರಡೂ ಸಮನಾಗಿ ನಾಲ್ಕು ಗಂಟೆ. ಮೊದಲೇ ಹೇಳಿ ಹೋಗ್ತಾರೆ. ಮೂರು ಲೇಟ್ ಕೂಡಿಸಿ ಮೇಲಿನಿಂದ ಹೇರೋದು ಅರ್ಧ ದಿನ ಅಲ್ಲ. ಆ ಮೂರೂ ದಿನ ಆತ ಇಡೀ ದಿನ ಕೂತು ಕೆಲಸ ಮಾಡಿರ್ತಾನಲ್ಲ!

ಶೀಟ್‌ನಲ್ಲಿ ಅರ್ಧ ದಿನಕ್ಕೆ ನಾವೆಲ್ಲ HD ಅಂತ ಹಾಕ್ತೀವಿ. ಇಲ್ಲೊಂದು ಗುಂಡಿ ಇದೆ, ನಾನು ಬಿದ್ದಿದ್ದೀನಿ. HD ಅಂದರೆ ಅರ್ಧ ದಿನ ಕೆಲಸ. ಉಳಿದ ಅರ್ಧ ಏನಾಯ್ತು? ರಜೆ ಖಾತೆಯಿಂದ ಹೋಯ್ತಾ, ಸಂಬಳದಿಂದ ಹೋಯ್ತಾ? HD ಅದನ್ನು ಹೇಳಲ್ಲ. ನಮ್ಮ ಹಳೇ ಶೀಟ್‌ನಲ್ಲಿ ರಜೆ ಎಣಿಸೋ ಕಾಲಂ ಕೂಡ HD ಹುಡುಕಿ ಅರ್ಧ ಕಳೀತಿತ್ತು, ಸಂಬಳದ ಕಾಲಂ ಕೂಡ ಅದೇ HD ಹುಡುಕಿ ಅರ್ಧ ಕಳೀತಿತ್ತು. ಒಂದೇ ಅರ್ಧ ದಿನಕ್ಕೆ ಎರಡು ಸಲ ವಸೂಲಿ. ಎಷ್ಟು ತಿಂಗಳಿಂದ ಹೀಗಿತ್ತೋ, ಯಾರೂ ನೋಡಿರಲಿಲ್ಲ. ನೋಡಿದವರೂ ರೂಲ್ಸೇ ಹಾಗಿರಬೇಕು ಅಂದ್ಕೊಂಡು ಸುಮ್ಮನಿದ್ದರು.

ಈಗ ಎರಡು ಬೇರೆ ಗುರುತು ಇಟ್ಟಿದ್ದೀನಿ. ಅರ್ಧ ಕೆಲಸ ಅರ್ಧ ರಜೆ ಆದರೆ HC, ಅರ್ಧ ಕೆಲಸ ಅರ್ಧ ಸಂಬಳ ಇಲ್ಲ ಆದರೆ HL. ಯಾವುದು ಅಂತ ಅರ್ಧ ದಿನ ತಗೊಂಡವರೇ ಹೇಳಬೇಕು. ರಜೆ ಬಾಕಿ ಇದ್ದರೆ ಎಲ್ಲರೂ HC ಅಂತಾರೆ, ಸಹಜ.

ಮತ್ತೆ ಒಂದು ಪರೀಕ್ಷೆ. ತಿಂಗಳಲ್ಲಿ 30 ದಿನ ಇದ್ದರೆ, ಒಬ್ಬರ ಸಾಲಿನಲ್ಲಿ ಕೆಲಸ ಮಾಡಿದ ದಿನ, ವಾರದ ರಜೆ, ಹಬ್ಬದ ರಜೆ, ಸಂಬಳ ಸಹಿತ ರಜೆ, ಸಂಬಳ ಇಲ್ಲದ ದಿನ, ಎಲ್ಲಾ ಕೂಡಿಸಿದರೆ ಸರಿಯಾಗಿ 30 ಬರಬೇಕು. 30.5 ಬಂದರೆ ಯಾವುದೋ ಅರ್ಧ ಎರಡು ಸಲ ಎಣಿಕೆ ಆಗಿದೆ. 29 ಬಂದರೆ ಒಂದು ದಿನ ಎಲ್ಲೂ ಸೇರಿಲ್ಲ. ಒಂದು ಸಲ ನಂಗೆ 29 ಬಂತು, ಅರ್ಧ ಗಂಟೆ ಹುಡುಕಿದೆ. ಒಬ್ಬರು P ಹೊಡೆದು ಸ್ಪೇಸ್ ಒತ್ತಿದ್ದರು. ಕಣ್ಣಿಗೆ P ಥರಾನೇ ಕಾಣುತ್ತೆ, COUNTIFಗೆ ಕಾಣಲ್ಲ. ಒಂದು ಸ್ಪೇಸಿಗೆ 500 ರೂಪಾಯಿ ಹೋಗ್ತಿತ್ತು. ನಿಮ್ಮ ಸಂಬಳ ಕಮ್ಮಿ ಬಂದಿದೆ ಅನ್ನಿಸಿದರೆ ಮೊದಲು ಇದನ್ನೇ ಕೇಳಿ: "ನನ್ನ ಸಾಲಿನ ಮೊತ್ತ ಎಷ್ಟಿದೆ?"

(7)
ರಜೆ ಬಗ್ಗೆ ಜಾಸ್ತಿ ಬರೆಯಲ್ಲ. ಒಂದೇ ವಿಷಯ.

ಕೆಲವು ಆಫೀಸುಗಳಲ್ಲಿ "ಸಂಬಳ ಕಟ್ ಮಾಡಲ್ಲ, ಮೂರು ಲೇಟಿಗೆ ಅರ್ಧ ಸಿ.ಎಲ್. ಕಳೀತೀವಿ" ಅಂತಾರೆ. ಕೇಳೋಕೆ ಮೃದು. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ವರ್ಷಕ್ಕೆ 12 ದಿನದವರೆಗೆ ಸಂಬಳ ಸಹಿತ ರಜೆ ಇದೆ, ಕಾಯಿಲೆ, ಅಪಘಾತ ಅಥವಾ ಬೇರೆ ಸರಿಯಾದ ಕಾರಣಕ್ಕೆ. ದುಡಿದ ಪ್ರತಿ 20 ದಿನಕ್ಕೆ ಒಂದರಂತೆ ಸಿಗೋ ಗಳಿಕೆ ರಜೆ ಬೇರೆ. ಈಗ ಅಕ್ಕನ ಹಾಗೆ ತಿಂಗಳಿಗೆ ಆರು ಲೇಟ್ ಆಗೋರನ್ನು ನೋಡಿ. ತಿಂಗಳಿಗೆ ಒಂದು ರಜೆ, ವರ್ಷಕ್ಕೆ 12. ಪೂರ್ತಿ ಖಾಲಿ! ಜ್ವರಕ್ಕೆ ಇಟ್ಟಿದ್ದ ರಜೆ ಎಲ್ಲಾ ಬಸ್ಸಿಗೆ ಹೋಯ್ತು. ಆಮೇಲೆ ನಿಜವಾಗಿ ಡೆಂಗಿ ಬಂದು ಮಲಗಿದರೆ ಆ ವಾರ ಪೂರ್ತಿ ಸಂಬಳ ಇಲ್ಲ. ಹಾಗಾಗಿ ಲೇಟ್ ಕಾಲಂ ಮತ್ತು ರಜೆ ಕಾಲಂ ನಡುವೆ ಯಾವ ಫಾರ್ಮುಲಾನೂ ಇರಬಾರದು ಅನ್ನೋದು ನನ್ನ ಹಠ.

(8)
"ಹಾಗಾದರೆ ಯಾರು ಬೇಕಾದರೂ ಯಾವಾಗ ಬೇಕಾದರೂ ಬರಲಿ ಅಂತೀಯಾ?" ಇದು ಸರ್ ಕೇಳಿದ್ದಲ್ಲ, ಬೀಗ ತೆಗೆಯೋ ಅಣ್ಣ ಕೇಳಿದ್ದು. ನ್ಯಾಯವಾದ ಪ್ರಶ್ನೆ. ದಿನಾ 9:15ಕ್ಕೆ ಬರೋರು ಅವರು. ಉಳಿದವರು ಬರೋವರೆಗೆ ಫೋನ್ ಎತ್ತೋದು, ಬಂದವರಿಗೆ ಉತ್ತರ ಹೇಳೋದು ಎಲ್ಲಾ ಅವರ ತಲೆ ಮೇಲೆ. ತಡವಾಗಿ ಬರೋದರ ಭಾರ ಸರ್ ಜೇಬಿಗಿಂತ ಮೊದಲು ಅವರ ಮೇಲೆ ಬೀಳುತ್ತೆ. ಅದನ್ನು ಅಲ್ಲಗಳೆಯಲ್ಲ.

ಅವರ ಎದುರಿಗೇ ನಾವು ಹೊಸ ಲೆಕ್ಕ ಕೂಡಿಸಿದ್ದು. ದಿನದ ಹತ್ತು ನಿಮಿಷ ರಿಯಾಯಿತಿ ತೆಗೆದುಹಾಕಿದೆವು. ಬದಲಿಗೆ ಎಲ್ಲರಿಗೂ ತಿಂಗಳಿಗೆ 60 ನಿಮಿಷ. ಹೇಗೆ ಬೇಕಾದರೂ ಬಳಸಿ, ಒಂದೇ ದಿನ ಮುಕ್ಕಾಲು ಗಂಟೆ ಆದರೂ ಸರಿ. 60 ದಾಟಿದರೆ, ದಾಟಿದ ನಿಮಿಷಕ್ಕೆ ಮಾತ್ರ ಗಂಟೆ ಲೆಕ್ಕದಲ್ಲಿ ಕಟ್. ಅಕ್ಕನ ಆ ತಿಂಗಳನ್ನೇ ಹೊಸ ಲೆಕ್ಕಕ್ಕೆ ಹಾಕಿ ತೋರಿಸಿದೆ: 90ರಲ್ಲಿ 60 ಕಳೆದರೆ 30 ನಿಮಿಷ, 37 ರೂಪಾಯಿ 50 ಪೈಸೆ. ದಿನಾ 9:39ಕ್ಕೆ ಬರ್ತಿದ್ದವರದ್ದನ್ನೂ ಹಾಕಿದೆ. 225ರಲ್ಲಿ 60 ಕಳೆದರೆ 165 ನಿಮಿಷ. ಅವರ ಮುಖ ನೋಡಬೇಕಿತ್ತು. ಎರಡು ತಿಂಗಳು ಸತತವಾಗಿ 60 ದಾಟಿದರೆ ದುಡ್ಡಿನ ಮಾತಲ್ಲ, ಕೂತು ಮಾತಾಡೋದು, ಬಸ್ಸಿನ ಸಮಸ್ಯೆ ಇದ್ದರೆ ಸಮಯವನ್ನೇ ಬದಲಾಯಿಸೋದು. ಅಕ್ಕ ಈಗ 9:45ರಿಂದ 6:15. ಸಂಜೆ ಆರರ ಮೇಲೆ ಬಿಲ್ ಕೇಳ್ಕೊಂಡು ಬರೋರಿಗೆ ಅವರೇ ಸಿಗ್ತಾರೆ, ಅಣ್ಣ ಆರಕ್ಕೆ ಸರಿಯಾಗಿ ಮನೆಗೆ ಹೋಗ್ತಾರೆ.

ಈ ಲೆಕ್ಕಕ್ಕೂ ಮಿತಿ ಇದೆ, ಮುಚ್ಚಿಡಲ್ಲ. ಕೌಂಟರಲ್ಲಿ ಕೂರೋರು, ಬೀಗದ ಕೈ ಇರೋರು, ಇವರಿಗೆ ಒಂದೇ ದಿನ ಮುಕ್ಕಾಲು ಗಂಟೆ ತಡ ಅನ್ನೋದು ನಡೆಯಲ್ಲ. ಅವರು ತಡ ಆಗೋದಿದ್ದರೆ ಹಿಂದಿನ ರಾತ್ರಿ ಇನ್ನೊಬ್ಬರಿಗೆ ಹೇಳಬೇಕು. ಮತ್ತೆ ಸಮಯವನ್ನು ಅವರವರೇ ಟೈಪ್ ಮಾಡ್ತಾರೆ, ಎಂಟು ಜನ ಇರೋದಕ್ಕೆ ಅದು ನಡೀತಿದೆ. ಎಂಬತ್ತು ಜನಕ್ಕೆ ನಾನು ಗ್ಯಾರಂಟಿ ಕೊಡಲ್ಲ.

ಮೂರು ತಿಂಗಳಾಯ್ತು. ಮೊದಲ ತಿಂಗಳು ಇಬ್ಬರಿಗೆ ಕಟ್ ಆಯ್ತು, ಎರಡೂ ನೂರು ರೂಪಾಯಿ ಒಳಗೆ. ಕಳೆದ ತಿಂಗಳು ಯಾರಿಗೂ ಇಲ್ಲ. ಮಧ್ಯಾಹ್ನ ಎರಡಕ್ಕೆ ಆರಾಮಾಗಿ ಬರೋರೂ ಇಲ್ಲ, ನನ್ನನ್ನೂ ಸೇರಿಸಿ. ಸರ್ ಇನ್ನೂ ಒಂದನ್ನು ಬಿಟ್ಟುಕೊಟ್ಟಿಲ್ಲ: ಶನಿವಾರ ಮತ್ತು ಸೋಮವಾರ ರಜೆ ಹಾಕಿದರೆ ನಡುವಿನ ಭಾನುವಾರವನ್ನೂ ರಜೆ ಅಂತ ಎಣಿಸೋದು. "ಅದು ಮಾತ್ರ ಕೇಳಬೇಡ" ಅಂದಿದ್ದಾರೆ. ಗಣೇಶನ ಹಬ್ಬದ ತಿಂಗಳು ಬರಲಿ, ಇನ್ನೊಂದು ಪಟ್ಟಿ ತಗೊಂಡು ಹೋಗ್ತೀನಿ. ನಿಮ್ಮ ಆಫೀಸಲ್ಲಿ ಭಾನುವಾರ ಎಣಿಸ್ತಾರಾ? ಎಣಿಸದೇ ಇರೋ ಕಡೆಯವರು ನಿಯಮದ ಸಾಲನ್ನು ಇದ್ದ ಹಾಗೇ ಕಾಮೆಂಟ್‌ನಲ್ಲಿ ಹಾಕಿ, ನಂಗೆ ಬೇಕು.